ಸಪ್ಲೈಯರ್‌ನ ಫೋರ್ಸ್ ಮಜೂರ್ ಪತ್ರ ಬಂತು, ಗ್ರಾಹಕರಿಗೆ ಏನಂತ ಬರೆಯೋದು? ಪುಣೆಯ ಒಂದು ಪ್ರಕರಣ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಡೆದ ಪ್ರಕರಣ ಇದು. ಒಂದು ಸಣ್ಣ ಪ್ಲಾಸ್ಟಿಕ್ ಮೋಲ್ಡಿಂಗ್ ಕಂಪನಿ. ಮಾಲೀಕರು ಗೋಕಾಕ ಕಡೆಯವರು, ಡಿಸ್ಪ್ಯಾಚ್ ಮತ್ತು ಗ್ರಾಹಕರ ಫೋನು ನೋಡಿಕೊಳ್ಳುವ ಹುಡುಗ ಬಾಗಲಕೋಟೆಯವನು. ಇಂಥ ಕಂಪನಿಗಳ ಪಿಒ ಅಂದರೆ ಪರ್ಚೇಸ್ ಆರ್ಡರ್, ಒಪ್ಪಂದ, ಡೆಬಿಟ್ ನೋಟ್ ವ್ಯವಹಾರ ನೋಡುವುದು ನನ್ನ ಕೆಲಸ, ಹಾಗಾಗಿ ಇದರಲ್ಲಿ ಮೊದಲಿಂದ ಕೊನೆಯವರೆಗೂ ಇದ್ದೆ. ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಲೆಕ್ಕ ತಲೆಗೆ ಹತ್ತಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಹಿನ್ನೆಲೆ

ಕಂಪನಿ ಬಳಸುತ್ತಿದ್ದ ಮುಖ್ಯ ಕಚ್ಚಾ ಮಾಲು ನೈಲಾನ್ 66, ಅದರಲ್ಲಿ ಶೇ. 30 ಗ್ಲಾಸ್ ಫೈಬರ್. ತಿಂಗಳಿಗೆ ಸುಮಾರು 10 ಟನ್ ಬೇಕು. ಒಬ್ಬನೇ ಸಪ್ಲೈಯರ್, ಒಂದೇ ಗ್ರೇಡ್. ಮೂವರು ಗ್ರಾಹಕರ ಭಾಗಗಳಿಗೂ ಅದನ್ನೇ ಬಳಸಿದರೆ ಗೋದಾಮಿನಲ್ಲಿ ಗೊಂದಲ ಇರಲ್ಲ ಅಂತ ಹಾಗೆ ಮಾಡಿಕೊಂಡಿದ್ದರು.

ಮೊದಲನೆಯ ಗ್ರಾಹಕ ಚಾಕಣದ ವಾಹನ ಬಿಡಿಭಾಗ ಕಂಪನಿ. ಎಂಜಿನ್ ಕೂಲಂಟ್ ಹಾದು ಹೋಗುವ ಒಂದು ಭಾಗ, ತಿಂಗಳಿಗೆ 60,000 ಪೀಸ್, ಒಂದಕ್ಕೆ 80 ಗ್ರಾಂ. ಎರಡನೆಯವರು ಬೆಳಗಾವಿಯ ಹೈಡ್ರಾಲಿಕ್ಸ್ ಕಂಪನಿ. ಪೈಪ್ ಕ್ಲ್ಯಾಂಪ್, ತಿಂಗಳಿಗೆ 80,000, ಒಂದಕ್ಕೆ 35 ಗ್ರಾಂ. ಮೂರನೆಯವರು ರಂಜನಗಾಂವ್‌ನ ಸ್ವಿಚ್‌ಗೇರ್ ಕಂಪನಿ. ಸ್ವಿಚ್ಚಿನ ಹಿಡಿಕೆ, ತಿಂಗಳಿಗೆ 20,000, ಒಂದಕ್ಕೆ 120 ಗ್ರಾಂ. ರನ್ನರ್, ಸ್ಕ್ರ್ಯಾಪ್ ಎಲ್ಲ ಸೇರಿದ ತೂಕ ಇದು. ಕೂಡಿಸಿದರೆ 4,800, 2,800, 2,400. ಸರಿಯಾಗಿ 10 ಟನ್.

ಒಂದು ಶುಕ್ರವಾರ ಸಂಜೆ ಸಪ್ಲೈಯರ್‌ನಿಂದ ಮೇಲ್ ಬಂತು. ಅವರಿಗೆ ಪಾಲಿಮರ್ ಕೊಡುವ ವಿದೇಶದ ಪ್ಲಾಂಟ್ ಅಪಘಾತದಿಂದ ನಿಂತಿದೆ, ನಾವು ಫೋರ್ಸ್ ಮಜೂರ್, ಅಂದರೆ ಕೈಮೀರಿದ ಘಟನೆಯಿಂದ ಒಪ್ಪಂದದಂತೆ ಮಾಲು ಕೊಡಲಾಗುತ್ತಿಲ್ಲ ಅಂತ ಘೋಷಿಸುತ್ತಿದ್ದೇವೆ, ಮುಂದಿನ ಸೂಚನೆ ಬರುವವರೆಗೆ ಪ್ರತಿಯೊಬ್ಬರಿಗೂ ಹಿಂದಿನ ಆರು ತಿಂಗಳ ಸರಾಸರಿಯ ಶೇ. 40 ಮಾತ್ರ ಕೊಡುತ್ತೇವೆ ಅಂತ. ಅಂದರೆ ತಿಂಗಳಿಗೆ 4 ಟನ್. ನೈಲಾನ್ 66ರಲ್ಲಿ ಇಂಥದ್ದು ಹೊಸತೇನಲ್ಲ. ಅದರ ಮೂಲ ರಾಸಾಯನಿಕವಾದ ಅಡಿಪೊನೈಟ್ರೈಲ್ ತಯಾರಿಸುವ ಪ್ಲಾಂಟ್‌ಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹಿಮಗಟ್ಟಿದಾಗ ಅಲ್ಲಿನ ಪೆಟ್ರೋಕೆಮಿಕಲ್ ಕಂಪನಿಗಳು ಸಾಲುಸಾಲಾಗಿ ಇಂಥದ್ದೇ ಪತ್ರ ಕಳಿಸಿದ್ದವು.

ಮೊದಲು ಹೋದ ಮೇಲ್

ಆ ಹುಡುಗನಿಗೆ ಗ್ರಾಹಕರಿಗೆ ತಡ ಮಾಡದೆ ಹೇಳಬೇಕು ಅನ್ನೋದು ಗೊತ್ತಿತ್ತು, ಅದು ಒಳ್ಳೆಯದೇ. ಆದರೆ ಅವನು ಮಾಡಿದ್ದು ಇಷ್ಟು: ಸಪ್ಲೈಯರ್ ಪತ್ರವನ್ನೇ ಲಗತ್ತಿಸಿ, ಮೇಲೆ ಎರಡು ಸಾಲು ಬರೆದ. "ಲಗತ್ತಿಸಿದ ಫೋರ್ಸ್ ಮಜೂರ್ ಕಾರಣದಿಂದ ನಮ್ಮ ಡೆಲಿವರಿಗೆ ತೊಂದರೆಯಾಗಬಹುದು. ಇದರಿಂದಾಗುವ ನಷ್ಟಕ್ಕೆ ನಾವು ಹೊಣೆಯಲ್ಲ." ಬೆಳಗಾವಿಗೆ ಮೊದಲು ಕಳಿಸಿದ. ಉಳಿದಿಬ್ಬರಿಗೆ ಕಳಿಸುವ ಮುಂಚೆಯೇ ಬೆಳಗಾವಿಯ ಪರ್ಚೇಸ್ ಮ್ಯಾನೇಜರ್ ಫೋನ್ ಬಂತು, ನೇರ ಮಾಲೀಕರಿಗೆ.

"ಏನ್ರಿ ಸರ್ ಇದು? ನಿಮ್ಮ ಸಪ್ಲೈಯರ್ ಪತ್ರ ತಗೊಂಡು ನಾ ಏನ್ ಮಾಡ್ಲಿ? ಸೋಮವಾರ ಎಷ್ಟು ಪೀಸ್ ಬರ್ತಾವು, ಮುಂದಿನ ಸೋಮವಾರ ಎಷ್ಟು, ಅದನ್ನ ಹೇಳ್ರಿ. ಮತ್ತ ಹೊಣೆ ಇಲ್ಲ ಅಂತ ಬರ್ದೀರಲ್ಲ, ನಮ್ಮ ಪಿಒದಾಗ ಎಲ್ಲಿ ಐತ್ರಿ ಹಂಗಂತ?"

ಪಿಒದಲ್ಲಿ ಎಲ್ಲೂ ಇರಲಿಲ್ಲ. ಇಡೀ ಪ್ರಕರಣದ ದಿಕ್ಕು ಬದಲಾಗಿದ್ದು ಈ ಫೋನಿನಿಂದ. ಮಾಲೀಕರು ಉಳಿದ ಎರಡು ಮೇಲ್ ತಡೆದರು. ಶನಿವಾರ ಬೆಳಿಗ್ಗೆ ಎಲ್ಲ ಕಾಗದ ಹರಡಿಕೊಂಡು ಕೂತೆವು.

ಆ ಮೇಲ್‌ನಲ್ಲಿದ್ದ ದೊಡ್ಡ ತಪ್ಪು ಇದು. ಸಪ್ಲೈಯರ್‌ಗೆ ಫೋರ್ಸ್ ಮಜೂರ್ ಆದರೆ ನಮಗೂ ಆಯ್ತು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗೇನೂ ಇಲ್ಲ. ಸಪ್ಲೈಯರ್ ಪತ್ರ ಅವರಿಗೂ ನಮಗೂ ಇರುವ ಒಪ್ಪಂದದ ಮೇಲೆ ನಿಂತಿದೆ. ನಮಗೂ ಗ್ರಾಹಕರಿಗೂ ಇರುವ ಒಪ್ಪಂದ ಬೇರೆ. ಅದರಲ್ಲಿ ಫೋರ್ಸ್ ಮಜೂರ್ ಷರತ್ತು ಇದೆಯಾ, ಇದ್ದರೆ ಸಪ್ಲೈಯರ್‌ನ ತೊಂದರೆಯೂ ಅದರೊಳಗೆ ಬರುತ್ತದಾ, ಎಲ್ಲ ಅಲ್ಲೇ ತೀರ್ಮಾನ ಆಗಬೇಕು. ಷರತ್ತೇ ಇಲ್ಲದಿದ್ದರೆ ಉಳಿಯುವುದು 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ 56ನೇ ಕಲಂ. ಅದು ಕೆಲಸ ಅಸಾಧ್ಯವೇ ಆದಾಗ ಮಾತ್ರ. ಮಾಲು ದುಬಾರಿ ಆಯ್ತು ಅನ್ನೋದು ಅಸಾಧ್ಯ ಅಂತ ಆಗಲ್ಲ. 2017ರಲ್ಲಿ ಎನರ್ಜಿ ವಾಚ್‌ಡಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಇಂಡೊನೇಷ್ಯಾದ ಕಲ್ಲಿದ್ದಲಿನ ಬೆಲೆ ಏರಿತು, ವಿದ್ಯುತ್ ಒಪ್ಪಂದ ಪಾಲಿಸುವುದು ಭಾರವಾಯಿತು, ಆದರೂ ಅದು ಫೋರ್ಸ್ ಮಜೂರ್ ಅಲ್ಲ ಅಂತ.

ಮೂರು ಒಪ್ಪಂದ, ಮೂರು ಉತ್ತರ

ಚಾಕಣದವರ ಒಪ್ಪಂದದಲ್ಲಿ ಷರತ್ತು ಇತ್ತು. ಸಬ್-ಸಪ್ಲೈಯರ್‌ಗೆ ಇಂಥ ಘಟನೆ ಆದರೆ ಅದೂ ಲೆಕ್ಕಕ್ಕೆ ಬರುತ್ತದೆ, ಆದರೆ ಬೇರೆ ಮೂಲದಿಂದ ಮಾಲು ತರಲು ಸಾಧ್ಯವಿರಲಿಲ್ಲ ಅಂತ ತೋರಿಸಬೇಕು. ವಿಷಯ ತಿಳಿದ 7 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು, ಇಲ್ಲದಿದ್ದರೆ ವಿನಾಯಿತಿ ಸಿಗಲ್ಲ ಅಂತಲೂ ಬರೆದಿತ್ತು. ಹಾಗೆ ಬರೆದಿರುವ ಕಡೆ ದಿನ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಕೇಸ್ ಕೈಬಿಟ್ಟ ಹಾಗೇ. ಶುಕ್ರವಾರ ಸಂಜೆ ಮೇಲ್ ಬಂದಿದೆ, ಅಲ್ಲಿಂದಲೇ ಎಣಿಕೆ. ಬಯರ್‌ಗೆ ವಾಟ್ಸಾಪ್ ಮಾಡಿದ್ದು, ಫೋನಲ್ಲಿ ಹೇಳಿದ್ದು ನೋಟಿಸ್ ಅಲ್ಲ. ಒಪ್ಪಂದದ ನೋಟಿಸ್ ಪ್ಯಾರಾದಲ್ಲಿ ರಿಜಿಸ್ಟರ್ಡ್ ಆಫೀಸಿನ ವಿಳಾಸಕ್ಕೆ ಕೊರಿಯರ್ ಮತ್ತು ಗೊತ್ತುಪಡಿಸಿದ ಇಮೇಲ್, ಎರಡೂ ಅಂತ ಇತ್ತು. ಆ ಇಮೇಲ್ ದಿನಾ ಮಾತಾಡುವ ಬಯರ್‌ದಂತೂ ಆಗಿರಲಿಲ್ಲ.

ಬೆಳಗಾವಿಯವರದ್ದು ಬರೀ ಪಿಒ. ಫೋರ್ಸ್ ಮಜೂರ್ ಸುದ್ದಿಯೇ ಇಲ್ಲ. ಡ್ರಾಯಿಂಗ್ ತೆಗೆದು ನೋಡಿದರೆ ಅಲ್ಲಿ ಗ್ರೇಡ್ ಹೆಸರೂ ಇಲ್ಲ, ನೈಲಾನ್ 66, ಶೇ. 30 ಗ್ಲಾಸ್ ಅಂತ ಅಷ್ಟೇ. ಅಂದರೆ ಯಾರ ಮಾಲಾದರೂ ನಡೆಯುತ್ತದೆ. ಭಿವಂಡಿಯ ಟ್ರೇಡರ್ ಹತ್ತಿರ ಅಂಥ ಮಾಲು ಇತ್ತು, ಕೆಜಿಗೆ 150 ರೂಪಾಯಿ ಜಾಸ್ತಿಗೆ. ಮಾರುಕಟ್ಟೆಯಲ್ಲಿ ಸಿಗುವ ಮಾಲಿಗೆ "ಅಸಾಧ್ಯ" ಅನ್ನೋ ಮಾತು ನಿಲ್ಲಲ್ಲ. ಬೆಳಗಾವಿಗೆ ಕಳಿಸಿದ ಆ ಮೇಲ್ ಕಾನೂನಿನ ಲೆಕ್ಕದಲ್ಲಿ ಖಾಲಿ ಕಾಗದ.

ರಂಜನಗಾಂವ್‌ನವರದ್ದು ಇನ್ನೊಂದು ರೀತಿ. ಫೋರ್ಸ್ ಮಜೂರ್ ಷರತ್ತು ಇದೆ, ಆದರೆ "ಉಪ ಪೂರೈಕೆದಾರರ ವೈಫಲ್ಯ ಇದರಲ್ಲಿ ಸೇರುವುದಿಲ್ಲ" ಅಂತ ಒಂದು ಸಾಲೂ ಇದೆ. ತಡವಾದರೆ ವಾರಕ್ಕೆ ಶೇ. 0.5, ಹೆಚ್ಚೆಂದರೆ ಶೇ. 5 ಲಿಕ್ವಿಡೇಟೆಡ್ ಡ್ಯಾಮೇಜಸ್, ಅಂದರೆ ಒಪ್ಪಂದದಲ್ಲೇ ಮೊದಲೇ ಗೊತ್ತುಪಡಿಸಿದ ನಷ್ಟ ಪರಿಹಾರ, ಎಲ್ಲರೂ ಎಲ್‌ಡಿ ಅನ್ನೋದು ಇದನ್ನೇ. ಇವರ ಹತ್ತಿರ ಫೋರ್ಸ್ ಮಜೂರ್ ಅಂದರೆ ನಾವೇ ನಮ್ಮ ಒಪ್ಪಂದ ಓದಿಲ್ಲ ಅಂತ ತೋರಿಸಿಕೊಂಡ ಹಾಗೆ.

ಮಾಲೀಕರಿಗೆ ಇದು ಮೊದಲು ಒಪ್ಪಿಗೆ ಆಗಲಿಲ್ಲ. "ಘಟನೆ ಒಂದೇ ಅಲ್ಲೇನ್ರಿ, ಮೂರು ಮಂದಿಗೆ ಮೂರು ಮಾತು ಹೇಳಿದ್ರ ನಾವು ಸುಳ್ಳು ಹೇಳಿದಂಗ ಆಗೋದಿಲ್ಲೇನು?" ಅಂದರು. ಪ್ರಾಮಾಣಿಕ ಪ್ರಶ್ನೆ ಅದು. ಘಟನೆ, ತಾರೀಖು, ಶೇ. 40 ಅನ್ನುವ ಅಂಕಿ, ಸ್ಟಾಕ್, ಇವಿಷ್ಟೂ ಮೂರೂ ಪತ್ರಗಳಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಬೇರೆ ಆಗುವುದು ನಾವು ಏನು ಕೇಳುತ್ತಿದ್ದೇವೆ ಅನ್ನೋದು ಮಾತ್ರ: ಒಬ್ಬರ ಹತ್ತಿರ ವಿನಾಯಿತಿ, ಒಬ್ಬರ ಹತ್ತಿರ ಏನೂ ಇಲ್ಲ, ಇನ್ನೊಬ್ಬರ ಹತ್ತಿರ ದಿನಾಂಕ ಬದಲಾವಣೆ. ಇಷ್ಟು ಕೇಳಿದ ಮೇಲೆ ಅವರು ಒಪ್ಪಿದರು.

ಪೀಸಿನ ಲೆಕ್ಕ

ಪತ್ರ ಬರೆಯುವ ಮುಂಚೆ ಸ್ಟಾಕ್ ಎಣಿಸಿದೆವು. ಗೋದಾಮಿನಲ್ಲಿ 2,500 ಕೆಜಿ. ಮಾಮೂಲಿ ವೇಗದಲ್ಲಿ ಒಂದು ವಾರದ ಮಾಲು. ಸಪ್ಲೈಯರ್‌ಗೆ ಫೋನ್ ಮಾಡಿ, 4 ಟನ್ ಯಾವಾಗ ಬರುತ್ತದೆ ಅಂತ ಲಿಖಿತದಲ್ಲಿ ತರಿಸಿಕೊಂಡೆವು. ಮೂರನೇ ವಾರದ ಶುರುವಿಗೆ 2 ಟನ್, ನಾಲ್ಕನೇ ವಾರಕ್ಕೆ 2 ಟನ್. ಎಷ್ಟು ಅಂತ ಕೇಳಿ ಯಾವಾಗ ಅಂತ ಕೇಳದೆ ಬಿಡುವುದೇ ಜಾಸ್ತಿ, ಆಮೇಲೆ ಗ್ರಾಹಕರಿಗೆ ಕೊಟ್ಟ ಮಾತು ಎರಡನೇ ವಾರದಲ್ಲೇ ಬೀಳುತ್ತದೆ.

ಮೊದಲ ವಾರ ಪೂರ್ತಿ ಓಡಿಸಿ ಎರಡನೇ ವಾರ ಮಷಿನ್ ನಿಲ್ಲಿಸೋದಾ, ಅಥವಾ ಇವತ್ತಿನಿಂದಲೇ ನಿಧಾನ ಮಾಡೋದಾ? ಮೊದಲನೆಯದರಲ್ಲಿ ಗ್ರಾಹಕರಿಗೆ ಒಂದು ವಾರ ಏನೂ ಗೊತ್ತಾಗಲ್ಲ, ಆಮೇಲೆ ಒಮ್ಮೆಲೇ ಸೊನ್ನೆ. ನಿಧಾನ ಮಾಡುವುದೇ ಸರಿ ಅನ್ನಿಸಿತು. ವಾರಕ್ಕೆ ಬೇಕಾದ್ದು 2,500 ಕೆಜಿ. ಮೊದಲೆರಡು ವಾರ 1,250, ಅಂದರೆ ಶೇ. 50. ಮುಂದಿನೆರಡು ವಾರ 2,000, ಅಂದರೆ ಶೇ. 80. ತಿಂಗಳಿಗೆ ಒಟ್ಟು 6,500 ಕೆಜಿ, ಶೇ. 65.

ಇಲ್ಲಿ ಒಂದು ದೊಡ್ಡ ಆಸೆ ಎದ್ದಿತು. ಚಾಕಣದವರು ದೊಡ್ಡ ಗ್ರಾಹಕ, ಅವರಿಗೆ ಪೂರ್ತಿ ಕೊಟ್ಟು ಉಳಿದದ್ದನ್ನು ಬೇರೆಯವರಿಗೆ ಹಂಚೋಣ ಅಂತ. ಅದನ್ನು ನಾನು ಗಟ್ಟಿಯಾಗಿ ಬೇಡ ಅಂದೆ. ಅವರಿಗೆ ಪೂರ್ತಿ ಸಿಕ್ಕರೆ ಉಳಿದಿಬ್ಬರ ಕೊರತೆ ಘಟನೆಯಿಂದ ಆದದ್ದಲ್ಲ, ನಾವು ಆರಿಸಿಕೊಂಡದ್ದು ಅಂತ ಆಗುತ್ತದೆ. ಇಂಥವು ಗುಟ್ಟಾಗಿಯೂ ಉಳಿಯಲ್ಲ. ಟೆಂಪೋ ಡ್ರೈವರ್‌ಗಳಿಗೆ ಯಾರ ಮಾಲು ಎಷ್ಟು ಹೋಯ್ತು ಅಂತ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮೂವರಿಗೂ ಅವರವರ ಶೆಡ್ಯೂಲ್‌ನ ಒಂದೇ ಶೇಕಡಾವಾರು ಅಂತ ತೀರ್ಮಾನ ಆಯಿತು. ಚಾಕಣಕ್ಕೆ ಮೊದಲೆರಡು ವಾರ 7,500, ಆಮೇಲೆ 12,000. ಬೆಳಗಾವಿಗೆ 10,000, ಆಮೇಲೆ 16,000. ರಂಜನಗಾಂವ್‌ಗೆ 2,500, ಆಮೇಲೆ 4,000.

ಬೆಳಗಾವಿಯ ಕೊರತೆ 28,000 ಪೀಸ್, ತೂಕದಲ್ಲಿ 980 ಕೆಜಿ. ಭಿವಂಡಿಯಿಂದ 1 ಟನ್ ತಂದರೆ ಅದು ತುಂಬಿಹೋಗುತ್ತದೆ. ಒಂದೂವರೆ ಲಕ್ಷ ಕೈಯಿಂದ ಹೋಗುತ್ತದೆ ಅಂತ ಮಾಲೀಕರು ಹಿಂದೆಮುಂದೆ ನೋಡಿದರು, ಆದರೆ ಹೊಣೆ ನಮ್ಮದೇ ಇರುವಾಗ ಬೇರೆ ದಾರಿ ಇರಲಿಲ್ಲ. ಮಾಲು ತರುವಾಗ ಒಂದು ಎಚ್ಚರ ತೆಗೆದುಕೊಂಡರು, ಅದು ನನಗೆ ತುಂಬಾ ಹಿಡಿಸಿತು. ಇಂಥ ಸಮಯದಲ್ಲಿ ಟ್ರೇಡರ್ ಮಾಲಿನಲ್ಲಿ ಕಲಬೆರಕೆ ಸಹಜ. 40 ಚೀಲದಲ್ಲಿ ಲಾಟ್ ನಂಬರ್ ಒಂದೇ ಇದೆಯಾ, ಸೀಲ್ ಒಡೆದಿಲ್ಲವಾ ಅಂತ ನೋಡಿ, ಬೇರೆ ಬೇರೆ ಚೀಲದಿಂದ ಒಂದೊಂದು ಹಿಡಿ ಕಾಳು ತೆಗೆದು ಫರ್ನೇಸ್‌ನಲ್ಲಿ ಸುಟ್ಟರು. ನೈಲಾನ್ ಉರಿದು ಹೋಗಿ ಬಟ್ಟಲಲ್ಲಿ ಬಿಳಿ ಗ್ಲಾಸ್ ಮಾತ್ರ ಉಳಿಯುತ್ತದೆ. 10 ಗ್ರಾಂ ಸುಟ್ಟರೆ 3 ಗ್ರಾಂ ಹತ್ತಿರ ಉಳಿಯಬೇಕು. ಉಳಿಯಿತು. ಆ ಮೇಲೆಯೇ ಹಣ ಹೋಯಿತು. ಗ್ಲಾಸ್ ಪ್ರಮಾಣ ತಿಳಿಯೋಕೆ ಮಾತ್ರ ಈ ಪರೀಕ್ಷೆ ಸಾಕು. ನೈಲಾನ್ 66 ಹೌದಾ, ನೈಲಾನ್ 6 ಬೆರೆಸಿದ್ದಾರಾ ಅಂತ ಇದರಿಂದ ತಿಳಿಯಲ್ಲ. ಅದಕ್ಕೆ ಲ್ಯಾಬ್‌ನಲ್ಲಿ ಕರಗುವ ಉಷ್ಣಾಂಶ ನೋಡಿಸಿದರು.

ಹೋದ ಪತ್ರಗಳು

ಸೋಮವಾರ ಮೂರು ಪತ್ರ ಹೋದವು. ಸಪ್ಲೈಯರ್ ಹೆಸರು ಯಾವುದರಲ್ಲೂ ಇಲ್ಲ. ಅವರ ಪತ್ರದ ಮೇಲೆ ಗೋಪ್ಯ ಅಂತ ಬರೆದಿತ್ತು, ಹಾಗಾಗಿ ಚಾಕಣದವರಿಗೆ ತೋರಿಸಲು ಅನುಮತಿ ಕೇಳಿ, ಬೆಲೆಯ ಭಾಗ ಮುಚ್ಚಿದ ಪ್ರತಿ ಲಗತ್ತಿಸಿದೆವು.

ಚಾಕಣದ ಪತ್ರದ ಒಳಗು ಹೀಗಿತ್ತು: ಒಪ್ಪಂದದ ಇಂಥ ಷರತ್ತಿನ ಅಡಿ ಇದು ನೋಟಿಸ್. ಇಂಥ ದಿನ ಇಷ್ಟು ಗಂಟೆಗೆ ನಮಗೆ ತಿಳಿಯಿತು. ತೊಂದರೆ ಆಗಿರುವುದು ಈ ಒಂದು ಪಾರ್ಟ್ ನಂಬರ್‌ಗೆ ಮಾತ್ರ, ನಿಮ್ಮ ಉಳಿದ ಭಾಗಗಳು ಮಾಮೂಲಿಯಂತೆ ಬರುತ್ತವೆ. ನಾಲ್ಕು ವಾರದ ಪೀಸ್ ಲೆಕ್ಕ ಇಲ್ಲಿದೆ. ನಿಮ್ಮ ಡ್ರಾಯಿಂಗ್‌ನಲ್ಲಿ ಗ್ರೇಡ್ ಹೆಸರೇ ಇರುವುದರಿಂದ ನಿಮ್ಮ ಅನುಮತಿ ಇಲ್ಲದೆ ಬೇರೆ ಮಾಲು ಹಾಕಲು ಬರಲ್ಲ. ಬದಲಿ ಗ್ರೇಡ್‌ನ ಸ್ಯಾಂಪಲ್ ಸಿದ್ಧ ಇದೆ, ಡೀವಿಯೇಶನ್, ಅಂದರೆ ಡ್ರಾಯಿಂಗ್ ಬಿಟ್ಟು ಬೇರೆ ಮಾಲು ಬಳಸಲು ಲಿಖಿತ ಒಪ್ಪಿಗೆ ಕೊಟ್ಟರೆ ಶುರು ಮಾಡುತ್ತೇವೆ. ಪ್ರತಿ ಶುಕ್ರವಾರ ಸ್ಥಿತಿ ತಿಳಿಸುತ್ತೇವೆ. ಈಗ ನಿಮ್ಮ ಹತ್ತಿರ ಎಷ್ಟು ದಿನದ ಸ್ಟಾಕ್ ಇದೆ?

"ಹೊಣೆಯಲ್ಲ" ಅನ್ನುವ ಪದ ಎಲ್ಲೂ ಹಾಕಲಿಲ್ಲ. ಷರತ್ತಿನ ನಂಬರ್ ಹೇಳಿದ ಮೇಲೆ ಅದು ಏನು ಕೊಡುತ್ತದೋ ಅದು ಸಿಕ್ಕೇ ಸಿಗುತ್ತದೆ. ಮೇಲಿನಿಂದ ಸುಮ್ನೆ ಆ ಪದ ಬರೆದರೆ ಎದುರಿನವರು ಲೀಗಲ್‌ಗೆ ಕಳಿಸುತ್ತಾರೆ, ಒಂದು ವಾರ ಹೋಗುತ್ತದೆ. ಬದಲಿ ಮಾಲಿನ ಪ್ಯಾರಾ ಮಾತ್ರ ಬಿಡುವ ಹಾಗೇ ಇರಲಿಲ್ಲ. "ಬೇರೆ ಮೂಲ ಇರಲಿಲ್ಲ" ಅಂತ ತೋರಿಸುವ ಹೊಣೆ ನಮ್ಮ ಮೇಲಿತ್ತು, ಅದಕ್ಕೆ ಪುರಾವೆ ಆ ಪ್ಯಾರಾವೇ.

ಬೆಳಗಾವಿಗೆ ಹೋದದ್ದು ಚಿಕ್ಕ ಪತ್ರ. ಶುಕ್ರವಾರದ ಮೇಲ್ ಹಿಂಪಡೆದಿದ್ದೇವೆ, ಮಾಲು ಬೇರೆ ಕಡೆಯಿಂದ ತರುತ್ತಿದ್ದೇವೆ, ಟೆಸ್ಟ್ ರಿಪೋರ್ಟ್ ಜೊತೆಗಿದೆ, ಮೊದಲ ವಾರ 10,000 ಕಡಿಮೆ ಬರಬಹುದು, ತಿಂಗಳ ಕೊನೆಗೆ 80,000 ಪೂರ್ತಿ. ರಂಜನಗಾಂವ್‌ಗೆ ಫೋರ್ಸ್ ಮಜೂರ್ ಅನ್ನುವ ಶಬ್ದವೇ ಇಲ್ಲದೆ ನಡೆದದ್ದನ್ನು ಹೇಳಿ, ಹೊಸ ಡೆಲಿವರಿ ದಿನಾಂಕಗಳಿಗೆ ಒಪ್ಪಿಗೆ ಕೇಳಿದೆವು. ಕಾಂಟ್ರ್ಯಾಕ್ಟ್ ಕಾಯ್ದೆಯ 63ನೇ ಕಲಂ ಪ್ರಕಾರ ಮಾಲು ಪಡೆಯುವವರು ಒಪ್ಪಿ ಗಡುವು ಮುಂದಕ್ಕೆ ಹಾಕಬಹುದು. ಗಡುವೇ ಮುಂದೆ ಹೋದರೆ ಎಲ್‌ಡಿ ಹಾಕಲು ತಡ ಎಲ್ಲಿದೆ?

ಸ್ಟಾಕ್ ಕೇಳಿದ್ದರಿಂದ ಆದದ್ದು

ಎಲ್ಲ ಪತ್ರದ ಕೊನೆಗೂ ಸ್ಟಾಕ್ ಎಷ್ಟಿದೆ ಅಂತ ಒಂದು ಸಾಲು ಇತ್ತಲ್ಲ, ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದು. ಚಾಕಣದವರ ಹತ್ತಿರ ನಾಲ್ಕು ದಿನದ್ದು ಮಾತ್ರ. ರಂಜನಗಾಂವ್‌ನವರ ಹತ್ತಿರ ಐದು ವಾರದ ಹಿಡಿಕೆಗಳು ಕೂತಿದ್ದವು, ಯಾವುದೋ ಆರ್ಡರ್ ಮುಂದೆ ಹೋಗಿತ್ತಂತೆ. ಕೇಳದಿದ್ದರೆ ಅವರೇನೂ ಹೇಳುತ್ತಿರಲಿಲ್ಲ, ಶೇ. 65 ಬಂದದ್ದಕ್ಕೆ ಎಲ್‌ಡಿಯನ್ನೂ ಹಾಕುತ್ತಿದ್ದರು.

ಮಾಲೀಕರು ತಾವೇ ರಂಜನಗಾಂವ್‌ಗೆ ಹೋಗಿ ಕೂತು ಮಾತಾಡಿದರು. ಮೊದಲೆರಡು ವಾರದ 5,000 ಪೀಸನ್ನು ಮುಂದಿನ ತಿಂಗಳಿಗೆ ಹಾಕಿಕೊಳ್ಳಿ, ಪರಿಷ್ಕೃತ ಶೆಡ್ಯೂಲ್ ಪಿಒ ತಿದ್ದುಪಡಿಯಾಗಿ ಕೊಡಿ ಅಂತ. ಅವರು ಒಪ್ಪಿ ತಿದ್ದುಪಡಿ ಕಳಿಸಿದರು. ಬಾಯಿಮಾತಿನ ಒಪ್ಪಿಗೆಯ ಮೇಲೆ ಒಂದು ಕೆಜಿಯನ್ನೂ ಅತ್ತಿತ್ತ ಮಾಡಲಿಲ್ಲ, ತಿದ್ದುಪಡಿ ಕೈಗೆ ಬಂದ ಮೇಲೆಯೇ 600 ಕೆಜಿ ಚಾಕಣದ ಭಾಗಕ್ಕೆ ಹೋಯಿತು. ಅದರಿಂದ 7,500 ಪೀಸ್ ಹೆಚ್ಚಿಗೆ. ಮೊದಲೆರಡು ವಾರ ವಾರಕ್ಕೆ 7,500 ಇದ್ದದ್ದು 11,250 ಆಯಿತು. ಚಾಕಣದವರು ಶಿಫ್ಟ್ ಹೊಂದಿಸಿಕೊಂಡು ಲೈನ್ ಓಡಿಸಿದರು.

ಬದಲಿ ಗ್ರೇಡ್ ಮಾತ್ರ ಆ ತಿಂಗಳು ಕೈಗೂಡಲಿಲ್ಲ. ಕೂಲಂಟ್ ತಗಲುವ ಭಾಗ ಆದ್ದರಿಂದ ಅವರ ಲ್ಯಾಬ್ ಬಿಸಿ ಕೂಲಂಟ್‌ನಲ್ಲಿ 1,000 ಗಂಟೆ ಇಟ್ಟು ನೋಡಬೇಕು ಅಂದಿತು. ಅದೇ ಆರು ವಾರ. ಅವರ ಮಾತು ಸರಿಯಾಗಿಯೇ ಇತ್ತು, ಆತುರದಲ್ಲಿ ಒಪ್ಪಿ ಆಮೇಲೆ ರಸ್ತೆ ಮೇಲೆ ಎಂಜಿನ್ ಕಾದರೆ ಯಾರಿಗೂ ಬೇಡ.

ಏನಾಯಿತು, ಏನು ಉಳಿಯಿತು

ಎರಡನೇ ವಾರದಲ್ಲಿ ಚಾಕಣದ ಲೈನ್ ಅರ್ಧ ಶಿಫ್ಟ್ ನಿಂತಿತು. ಅವರ ಫೈನಾನ್ಸ್‌ನಿಂದ ಡೆಬಿಟ್ ನೋಟ್ ಬಂತು, ಅಂದರೆ ಆ ನಷ್ಟವನ್ನು ನಮ್ಮ ಲೆಕ್ಕಕ್ಕೆ ಹಾಕಿದ ಚೀಟಿ. ಉತ್ತರವಾಗಿ ನೋಟಿಸ್ ತಲುಪಿದ ಕೊರಿಯರ್ ರಸೀದಿ, ಪ್ರತಿ ಶುಕ್ರವಾರದ ಸ್ಥಿತಿ ಮೇಲ್, ಹೇಳಿದ ಪೀಸು ಮತ್ತು ಹೋದ ಪೀಸು ಪಕ್ಕಪಕ್ಕ ಇಟ್ಟ ಒಂದು ಪುಟ ಕಳಿಸಿದೆವು. ಒಂದು ಕಡೆ ಮಾತ್ರ ನಮ್ಮ ಲೆಕ್ಕ ತಪ್ಪಿತ್ತು. ಎರಡನೇ ವಾರ ಮೋಲ್ಡ್ ರಿಪೇರಿಗೆ ಹೋಗಿ ಒಂದಷ್ಟು ಪೀಸ್ ಕಡಿಮೆಯಾಗಿದ್ದವು, ಅದಕ್ಕೂ ಸಪ್ಲೈಯರ್‌ನ ಘಟನೆಗೂ ಸಂಬಂಧ ಇಲ್ಲ. ಅದನ್ನು ಮುಚ್ಚಿಡದೆ ಅಷ್ಟರ ಮಟ್ಟಿಗೆ ಡೆಬಿಟ್ ಒಪ್ಪಿಕೊಂಡರು. ಉಳಿದದ್ದನ್ನು ಚಾಕಣದವರು ವಾಪಸ್ ತೆಗೆದರು. ಮೋಲ್ಡ್ ರಿಪೇರಿಯನ್ನೂ ಫೋರ್ಸ್ ಮಜೂರ್ ಚೀಲಕ್ಕೆ ತುರುಕಿದ್ದರೆ ಇಡೀ ನೋಟಿಸ್ ಮೇಲೆಯೇ ಅನುಮಾನ ಬರುತ್ತಿತ್ತು ಅಂತ ನನಗೆ ಖಾತ್ರಿ ಇದೆ.

ಬೆಳಗಾವಿಗೆ 80,000 ಪೂರ್ತಿ ಹೋಯಿತು. ಒಂದೂವರೆ ಲಕ್ಷದಲ್ಲಿ ಸ್ವಲ್ಪ ಹಂಚಿಕೊಳ್ಳಿ ಅಂತ ಕೇಳಿದಾಗ ಅವರು ಆಗಲ್ಲ ಅಂದರು, ಅದು ಅವರ ಹಕ್ಕು. ರಂಜನಗಾಂವ್‌ನವರು ಎಲ್‌ಡಿ ಹಾಕಲಿಲ್ಲ. ಸಪ್ಲೈಯರ್ ಮುಂದಿನ ತಿಂಗಳು ಶೇ. 70ಕ್ಕೆ ಏರಿಸಿದರು, ಅದರ ಮುಂದಿನ ತಿಂಗಳು ಪೂರ್ತಿ ಕೊಟ್ಟರು.

ಘಟನೆ ಮುಗಿದಾಗಲೂ ಒಂದು ಪತ್ರ ಬೇಕು ಅನ್ನೋದು ಎಷ್ಟೋ ಕಂಪನಿಗಳಿಗೆ ಹೊಳೆಯಲ್ಲ. ನೋಟಿಸ್ ಕೊಟ್ಟು ಸುಮ್ನಾದರೆ ವಿನಾಯಿತಿ ಯಾವ ದಿನ ಮುಗಿಯಿತು ಅಂತ ಆಮೇಲೆ ಜಗಳ. ಇಂಥ ದಿನ ಸಪ್ಲೈಯರ್ ಫೋರ್ಸ್ ಮಜೂರ್ ಹಿಂತೆಗೆದುಕೊಂಡರು, ಬಾಕಿ ಇಷ್ಟು ಪೀಸ್, ಭಾನುವಾರವೂ ಮಷಿನ್ ಓಡಿಸಿ ಇಂಥ ವಾರದೊಳಗೆ ಮುಗಿಸುತ್ತೇವೆ ಅಂತ ಚಾಕಣಕ್ಕೂ ರಂಜನಗಾಂವ್‌ಗೂ ಬರೆದರು.

ಒಪ್ಪಂದಗಳಲ್ಲಿ ಆದ ಬದಲಾವಣೆ ಅಷ್ಟಕ್ಕಷ್ಟೇ. ಬೆಳಗಾವಿಯ ಹೊಸ ಪಿಒದಲ್ಲಿ ಫೋರ್ಸ್ ಮಜೂರ್ ಪ್ಯಾರಾ ಸೇರಿತು. ಚಾಕಣದವರು 1,000 ಗಂಟೆಯ ಪರೀಕ್ಷೆ ಮುಗಿಸಿ ಎರಡನೇ ಗ್ರೇಡ್‌ಗೆ ಒಪ್ಪಿಗೆ ಕೊಟ್ಟರು. ರಂಜನಗಾಂವ್‌ನವರು "ಉಪ ಪೂರೈಕೆದಾರರ ವೈಫಲ್ಯ" ಅನ್ನುವ ಸಾಲನ್ನು ತೆಗೆಯಲು ಒಪ್ಪಿಲ್ಲ. ಅವರ ಭಾಗಕ್ಕೆ ಅಂತ ಈಗ 1,200 ಕೆಜಿ ಬೇರೆಯಾಗಿ ಇಟ್ಟಿದ್ದಾರೆ, ಎರಡು ವಾರದ ಮಾಲು, ಅದನ್ನು ಬೇರೆ ಆರ್ಡರ್‌ಗೆ ಮುಟ್ಟಬೇಕಾದರೆ ಮಾಲೀಕರ ಸಹಿ ಬೇಕು.